ಮೂರು ಓದು, ಒಂದು ಪ್ಯಾರಾ

ಎಂ.ಎ. ಕೊನೆಯ ವರ್ಷದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಹೆಚ್ಚಾಗಿ ತಡವರಿಸುವುದು ಲಿಟರೇಚರ್ ರಿವ್ಯೂ ಎಂಬ ಭಾಗದಲ್ಲಿ. ತಾವು ಆರಿಸಿಕೊಂಡ ಕಾದಂಬರಿಯ ಬಗ್ಗೆ ಹಿಂದಿನ ವಿದ್ವಾಂಸರು ಏನು ಹೇಳಿದ್ದಾರೆ ಎಂಬುದನ್ನು ಅಲ್ಲಿ ಸಂಗ್ರಹಿಸಿ ಹೇಳಬೇಕು. ಸಾಮಾನ್ಯವಾಗಿ ಬರುವುದು ಹೀಗೆ: ಇವರು ಇಂತಿಷ್ಟು ಹೇಳಿದ್ದಾರೆ, ಅವರು ಅಷ್ಟು ಹೇಳಿದ್ದಾರೆ, ಮತ್ತೊಬ್ಬರು ಇನ್ನೊಂದು ಹೇಳಿದ್ದಾರೆ. ಹೆಸರುಗಳು ಸಾಲಾಗಿ ನಿಲ್ಲುತ್ತವೆ, ಆದರೆ ಅವರಲ್ಲಿ ಯಾರೂ ಇನ್ನೊಬ್ಬರ ಮಾತಿಗೆ ಉತ್ತರ ಕೊಡುವುದಿಲ್ಲ. ಇದನ್ನು ಸರಿಪಡಿಸುವ ಬಗೆಯನ್ನು ನಮ್ಮ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಕಾದಂಬರಿಯ ಮೂಲಕ ನೋಡೋಣ.

ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ 1847ರಲ್ಲಿ ಬಂತು. ಅನಾಥ ಹುಡುಗಿ ಜೇನ್ ದೊಡ್ಡವಳಾಗಿ ರಾಚೆಸ್ಟರ್ ಎಂಬ ಶ್ರೀಮಂತನ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಕೆಲಸಕ್ಕೆ ಸೇರುತ್ತಾಳೆ. ಅವನನ್ನೇ ಮದುವೆಯಾಗುವ ದಿನ, ಅವನಿಗೆ ಈಗಾಗಲೇ ಹೆಂಡತಿಯಿದ್ದಾಳೆ ಎಂಬ ಗುಟ್ಟು ಬಯಲಾಗುತ್ತದೆ. ಜಮೈಕಾದಿಂದ ಬಂದ ಬರ್ಥಾ ಮೇಸನ್ ಅದೇ ಮನೆಯ ಮೂರನೇ ಅಂತಸ್ತಿನಲ್ಲಿ ಬಂದಿ. ಅವಳಿಗೆ ಹುಚ್ಚು ಎನ್ನುತ್ತಾನೆ ರಾಚೆಸ್ಟರ್. ಕೊನೆಗೆ ಆಕೆ ಮನೆಗೆ ಬೆಂಕಿಯಿಟ್ಟು, ಮಾಳಿಗೆಯಿಂದ ಹಾರಿ ಸಾಯುತ್ತಾಳೆ. ಆಮೇಲೆ ಜೇನ್ ಅವನ ಕೈಹಿಡಿಯುತ್ತಾಳೆ.

ಈ ಕಾದಂಬರಿಯ ಮೇಲೆ ಬಂದ ವಿಮರ್ಶೆಯನ್ನೆಲ್ಲ ಓದಿ ಮುಗಿಸಲು ಒಂದು ಆಯುಷ್ಯ ಸಾಲದು. ಆದ್ದರಿಂದ ಮೊದಲು ಮಾಡಬೇಕಾದದ್ದು ಒಂದು ಪ್ರಶ್ನೆಯನ್ನು ಹಿಡಿಯುವುದು. ‘ಜೇನ್ ಏರ್ ಬಗ್ಗೆ ವಿದ್ವಾಂಸರ ಅಭಿಪ್ರಾಯ’ ಎಂಬುದು ಪ್ರಶ್ನೆಯಲ್ಲ. ‘ಕಾದಂಬರಿಯಲ್ಲಿ ಬರ್ಥಾ ಯಾರು, ಜೇನ್ ಗೆಲ್ಲಬೇಕಾದರೆ ಅವಳು ಏಕೆ ಸಾಯಬೇಕು?’ ಎಂಬುದು ಪ್ರಶ್ನೆ. ಇಷ್ಟು ಗೊತ್ತಾದ ಮೇಲೆ ಯಾರನ್ನು ಓದಬೇಕು, ಯಾರನ್ನು ಸದ್ಯಕ್ಕೆ ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ. ಟೆರಿ ಈಗಲ್ಟನ್ 1975ರಲ್ಲಿ ಬ್ರಾಂಟೆ ಸೋದರಿಯರ ಕೃತಿಗಳ ಮೇಲೆ ಬರೆದ ಮಾರ್ಕ್ಸ್‌ವಾದಿ ಅಧ್ಯಯನ ಒಳ್ಳೆಯ ಪುಸ್ತಕ. ಆದರೆ ಅದರ ಒಲವು ವರ್ಗ ಸಂಬಂಧಗಳ ಕಡೆಗೆ, ನಮ್ಮ ಪ್ರಶ್ನೆ ಅದಲ್ಲ. ಅದನ್ನು ಬೇರೆ ಪ್ಯಾರಾಕ್ಕೆ ಇಟ್ಟುಕೊಳ್ಳಬಹುದು.

ಉಳಿಯುವವರಲ್ಲಿ ಮೂರು ಓದುಗಳು ಮುಖ್ಯ. ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬರ್ ಸೇರಿ 1979ರಲ್ಲಿ ಪ್ರಕಟಿಸಿದ ‘ದಿ ಮ್ಯಾಡ್‌ವುಮನ್ ಇನ್ ದಿ ಆಟಿಕ್’ ಪುಸ್ತಕದಲ್ಲಿ ಬರ್ಥಾ ಎಂದರೆ ಜೇನ್‌ಳದೇ ಇನ್ನೊಂದು ಮುಖ. ಜೇನ್ ನುಂಗಿಕೊಂಡ ಸಿಟ್ಟನ್ನೆಲ್ಲ ಅವಳು ಮಾಡಿ ತೋರಿಸುತ್ತಾಳೆ. ಮದುವೆಗೆ ಎರಡು ರಾತ್ರಿ ಮುಂಚೆ ವಧುವಿನ ಮುಸುಕನ್ನು ಹರಿದುಹಾಕುವವಳು ಅವಳೇ. ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1985ರಲ್ಲಿ ‘ಕ್ರಿಟಿಕಲ್ ಇನ್‌ಕ್ವೈರಿ’ ಪತ್ರಿಕೆಯಲ್ಲಿ ಬರೆದ ಲೇಖನ ಇಂಥ ಸ್ತ್ರೀವಾದಿ ಓದು ಕಾಣದೆ ಹೋದದ್ದನ್ನು ಎತ್ತಿ ಹಿಡಿಯಿತು: ಒಬ್ಬ ಇಂಗ್ಲಿಷ್ ಹೆಣ್ಣು ಸ್ವತಂತ್ರ ವ್ಯಕ್ತಿಯಾಗಿ ನಿಲ್ಲಲು ವಸಾಹತಿನ ಇನ್ನೊಬ್ಬ ಹೆಣ್ಣು ಬಲಿಯಾಗಬೇಕಾಯಿತು. ಸೂಸನ್ ಮೇಯರ್ 1990ರಲ್ಲಿ ‘ವಿಕ್ಟೋರಿಯನ್ ಸ್ಟಡೀಸ್’ ಪತ್ರಿಕೆಯಲ್ಲಿ ಸ್ಪಿವಾಕ್ ಅವರ ಜೊತೆ ವಾದಕ್ಕಿಳಿದರು. ಮೇಯರ್ ಪ್ರಕಾರ ಬ್ರಾಂಟೆ ಇಂಗ್ಲೆಂಡಿನ ಹೆಂಗಸರ ದಬ್ಬಾಳಿಕೆಯನ್ನು ಹೇಳಲು ಬೇರೆ ಜನಾಂಗಗಳನ್ನು ರೂಪಕವಾಗಿ ಬಳಸುತ್ತಾಳೆ. ಹಾಗೆ ಬಳಸುವಾಗ ಸಾಮ್ರಾಜ್ಯದ ಬಗೆಗಿನ ಕಸಿವಿಸಿಯೂ ಕಾದಂಬರಿಯೊಳಗೆ ಬಂದುಬಿಡುತ್ತದೆ, ಆದರೆ ಕೊನೆಯಲ್ಲಿ ಅದು ಹಿಂದೆ ಸರಿಯುತ್ತದೆ.

ಓದುವಾಗಲೇ ಪ್ರತಿಯೊಬ್ಬರ ಉತ್ತರವನ್ನೂ ಒಂದೊಂದು ವಾಕ್ಯದಲ್ಲಿ, ಪುಟಸಂಖ್ಯೆ ಸಮೇತ ಬರೆದಿಟ್ಟುಕೊಳ್ಳಬೇಕು. ಎಡವುವುದು ಈ ಒಂದು ವಾಕ್ಯದಲ್ಲೇ. ‘ಬ್ರಾಂಟೆ ಸಾಮ್ರಾಜ್ಯವಾದಿ ಎಂದು ಸ್ಪಿವಾಕ್ ಟೀಕಿಸಿದ್ದಾರೆ’ ಎಂದು ಬರೆದರೆ ತಪ್ಪಾಗುತ್ತದೆ. ಲೇಖಕಿಯ ಪ್ರತಿಭೆಯನ್ನು ತಗ್ಗಿಸುವುದು ತಮ್ಮ ಉದ್ದೇಶವಲ್ಲ, ಆಕೆಗೆ ಅಂಥ ಕಥೆಯನ್ನು ಕೊಟ್ಟ ಚರಿತ್ರೆಯ ಮೇಲೆ ಸಿಟ್ಟು ಬರಬೇಕು ಎಂದು ಅವರು ಆ ಲೇಖನದಲ್ಲೇ ಸ್ಪಷ್ಟಪಡಿಸಿದ್ದಾರೆ. ಮೇಯರ್ ಲೇಖನದಲ್ಲಿ ಸಿಕ್ಕ ಸ್ಪಿವಾಕ್‌ರನ್ನು ಎತ್ತಿಕೊಂಡರೆ ಇದು ಕಾಣುವುದಿಲ್ಲ, ಮೂಲವನ್ನೇ ಓದಿರಬೇಕು. ಇನ್ನೊಂದು ಅಪಾಯವೂ ಇದೆ. ಬೆನಿಟಾ ಪ್ಯಾರಿ 1987ರಲ್ಲಿ ಸ್ಪಿವಾಕ್‌ರನ್ನು ವಿರೋಧಿಸಿ ಬರೆದದ್ದು ಪ್ರಸಿದ್ಧವಾದ್ದರಿಂದ ಅವರನ್ನೂ ಇಲ್ಲಿ ಸೇರಿಸುವ ಆಸೆಯಾಗುತ್ತದೆ. ಆದರೆ ಈ ಎಳೆಯಲ್ಲಿ ಪ್ಯಾರಿ ಎತ್ತುವ ಆಕ್ಷೇಪಣೆ ‘ವೈಡ್ ಸಾರ್ಗಾಸೊ ಸೀ’ ಎಂಬ ಬೇರೆ ಕಾದಂಬರಿಯ ಕ್ರಿಸ್ಟೊಫೀನ್ ಎಂಬ ಪಾತ್ರದ ಕುರಿತದ್ದು. ಅದನ್ನು ಬರ್ಥಾಳಿಗೆ ಹೊಂದಿಸಿದರೆ ವಿಷಯ ಬಲ್ಲ ಪರೀಕ್ಷಕರು ಅಲ್ಲೇ ಗುರುತು ಹಾಕುತ್ತಾರೆ.

ಇನ್ನು ಪ್ಯಾರಾ. ವಿದ್ಯಾರ್ಥಿ ಇದನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.

“1970ರ ದಶಕದ ಕೊನೆಯಿಂದ ‘ಜೇನ್ ಏರ್’ ಕುರಿತ ಚರ್ಚೆಯ ಒಂದು ಮುಖ್ಯ ಧಾರೆ ಬರ್ಥಾ ಮೇಸನ್‌ಳ ಸುತ್ತ ಬೆಳೆದಿದೆ. ಗಿಲ್ಬರ್ಟ್ ಮತ್ತು ಗೂಬರ್ ಅವಳನ್ನು ಜೇನ್‌ಳ ಅದುಮಿಟ್ಟ ಸಿಟ್ಟಿನ ಪ್ರತಿರೂಪವೆಂದು ಓದಿದರು. ಇಂಥ ಓದಿನಲ್ಲಿ ಬರ್ಥಾ ಜೇನ್‌ಳ ಮನಸ್ಸಿನ ಒಂದು ಭಾಗವಾಗಿ ಉಳಿಯುತ್ತಾಳೆ, ಜಮೈಕಾದ ಹೆಣ್ಣಾಗಿ ಅಲ್ಲ ಎಂಬುದು ಸ್ಪಿವಾಕ್‌ರ ವಾದದಿಂದ ಹೊರಡುವ ತಕರಾರು. ಅವರಿಗೆ ಬರ್ಥಾಳ ಸಾವು ಜೇನ್‌ಳ ಸ್ವಾತಂತ್ರ್ಯಕ್ಕೆ ಸಾಮ್ರಾಜ್ಯ ತೆತ್ತಿಸಿದ ಬೆಲೆ. ವಸಾಹತಿನ ಪ್ರಶ್ನೆಯನ್ನು ಮೇಯರ್ ಕೈಬಿಡುವುದಿಲ್ಲ, ಆದರೆ ಕಾದಂಬರಿ ಸಾಮ್ರಾಜ್ಯದ ಪರವಾಗಿ ಒಂದೇ ದನಿಯಲ್ಲಿ ಮಾತಾಡುತ್ತದೆ ಎಂಬುದನ್ನು ಒಪ್ಪುವುದಿಲ್ಲ. ಅದರ ಹಿಂಜರಿಕೆಗಳನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 27ನೇ ಅಧ್ಯಾಯದಲ್ಲಿ ರಾಚೆಸ್ಟರ್ ಹೆಂಡತಿಯನ್ನು ಹಳಿಯುವಾಗ, ಹುಚ್ಚು ಅವಳ ತಪ್ಪಲ್ಲ ಎಂದು ಜೇನ್ ಆಕ್ಷೇಪಿಸುತ್ತಾಳೆ. ಈ ಪ್ರಬಂಧ ಆ ಆಕ್ಷೇಪಣೆಯಿಂದ ಹೊರಟು, ಮೇಯರ್ ಹೇಳುವ ಹಿಂಜರಿಕೆ ಜೇನ್‌ಳ ನಿರೂಪಣೆಯಲ್ಲಿ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಪರಿಶೀಲಿಸುತ್ತದೆ.”

ಇದರಲ್ಲಿ ಮೇಯರ್ ವಾಕ್ಯವನ್ನು ಸ್ಪಿವಾಕ್ ವಾಕ್ಯದ ಮುಂದೆ ತಂದಿಟ್ಟು ನೋಡಿ, ಪ್ಯಾರಾ ಕುಸಿಯುತ್ತದೆ. ಹಾಗೆ ಕುಸಿಯಬೇಕು. ವಾಕ್ಯಗಳನ್ನು ಹಿಂದುಮುಂದು ಮಾಡಿದರೂ ಏನೂ ಕೆಡದಿದ್ದರೆ ಬರೆದದ್ದು ಪಟ್ಟಿ ಎಂದೇ ತಿಳಿಯಬೇಕು. ಒಪ್ಪಿಗೆ ಎಷ್ಟು, ಭಿನ್ನಮತ ಎಲ್ಲಿಂದ ಎಂಬುದನ್ನು ಕ್ರಿಯಾಪದಗಳೇ ಹೇಳುವುದನ್ನೂ ಗಮನಿಸಿ. ಎಲ್ಲರಿಗೂ ‘ಹೇಳಿದ್ದಾರೆ’ ಎಂದು ಬಳಸಿದ್ದರೆ ಆ ಸಂಬಂಧ ಕಾಣುತ್ತಿರಲಿಲ್ಲ. ಉದ್ಧರಣೆ ಚಿಹ್ನೆ ಇಲ್ಲದಿದ್ದರೂ, ಬೇರೆಯವರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳಿದ ಪ್ರತಿ ಕಡೆಯೂ ಮೂಲದ ಪುಟಸಂಖ್ಯೆ ಕೊಡಲೇಬೇಕು.

ಕೊನೆಯ ವಾಕ್ಯವನ್ನು ಬೇಕೆಂದೇ ತಗ್ಗಿಸಿ ಬರೆದಿದ್ದೇನೆ. ‘ಇದನ್ನು ಈವರೆಗೆ ಯಾರೂ ಗಮನಿಸಿಲ್ಲ’ ಎಂಬ ವಾಕ್ಯ ನಮ್ಮ ಪ್ರಬಂಧಗಳಲ್ಲಿ ತುಂಬ ಕಾಣುತ್ತದೆ, ಅದನ್ನು ಸಾಬೀತು ಮಾಡಲು ಯಾರಿಂದಲೂ ಆಗದು. ಜೇನ್‌ಗೆ ಸಿಕ್ಕುವ 20,000 ಪೌಂಡ್ ಆಸ್ತಿಯ ಉದಾಹರಣೆಯನ್ನೇ ನೋಡಿ. ಅದು ಮಡೇರಾ ದ್ವೀಪದಲ್ಲಿದ್ದ ಚಿಕ್ಕಪ್ಪನಿಂದ ಬಂದದ್ದು. ಅವನಿಗೂ ಜಮೈಕಾದ ಮೇಸನ್ ಮನೆತನಕ್ಕೂ ವ್ಯಾಪಾರದ ನಂಟಿತ್ತು. ಇದನ್ನು ಮೊದಲ ಸಲ ಕಂಡ ವಿದ್ಯಾರ್ಥಿಗೆ ಹೊಸ ವಿಷಯ ಸಿಕ್ಕಿತೆಂದು ಖುಷಿಯಾಗುವುದು ಸಹಜ. ಆದರೆ ಆ ಹಣದ ವಸಾಹತು ಮೂಲವನ್ನು ಮೇಯರ್ ಆಗಲೇ ಚರ್ಚಿಸಿದ್ದಾರೆ. ಯಾರೂ ಮಾಡದ್ದನ್ನು ಹುಡುಕಿ ಕೊಡಬೇಕೆಂದು ಎಂ.ಎ. ಪ್ರಬಂಧದಿಂದ ಯಾರೂ ನಿರೀಕ್ಷಿಸುವುದಿಲ್ಲ. ನಡೆಯುತ್ತಿರುವ ವಾದದಲ್ಲಿ ತಾನು ಯಾವ ಮಾತಿನ ನಂತರ ಮಾತಾಡುತ್ತಿದ್ದೇನೆ ಎಂಬುದನ್ನು ವಿದ್ಯಾರ್ಥಿ ತೋರಿಸಿಕೊಟ್ಟರೆ ಸಾಕು. ಈ ಭಾಗಕ್ಕೆ ಅಂಕ ಸಿಗುವುದೂ ಅದಕ್ಕೇ.