ಬ್ರಾಡ್‌ಕಾಸ್ಟ್ ವಿಳಾಸ ಎಂದರೆ 255 ಅಲ್ಲ

ಕಂಪ್ಯೂಟರ್ ನೆಟ್‌ವರ್ಕ್ ಪರೀಕ್ಷೆಗಳಲ್ಲಿ ಹೀಗೊಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: 192.168.10.0/24 ಎಂಬ ವಿಳಾಸಗಳ ಗುಂಪನ್ನು ಕಚೇರಿಯ ಆರು ವಿಭಾಗಗಳಿಗೆ ಸಮನಾಗಿ ಹಂಚಬೇಕು. 192.168.10.100 ಎಂಬ ಕಂಪ್ಯೂಟರ್ ಇರುವ ಸಬ್‌ನೆಟ್ಟಿನ ಬ್ರಾಡ್‌ಕಾಸ್ಟ್ ವಿಳಾಸ ಯಾವುದು? ಹಲವರು ಯೋಚಿಸದೆ 192.168.10.255 ಎಂದು ಬರೆದುಬಿಡುತ್ತಾರೆ.

ಈ ವಿಳಾಸ ಒಟ್ಟು 32 ಬಿಟ್‌ಗಳ ಸಂಖ್ಯೆ. /24 ಎಂದರೆ ಮೊದಲ 24 ಬಿಟ್ ನೆಟ್‌ವರ್ಕಿನ ಗುರುತು. ಉಳಿದ 8 ಬಿಟ್ ಒಳಗಿನ ಯಂತ್ರಗಳಿಗೆ. ಆರು ಭಾಗ ಬೇಕೆಂದರೆ ಈ ಎಂಟರಲ್ಲಿ ಕೆಲವನ್ನು ಸಬ್‌ನೆಟ್ಟಿಗೆ ಬಿಟ್ಟುಕೊಡಬೇಕು. ಎರಡು ಬಿಟ್ಟರೆ ನಾಲ್ಕೇ ಭಾಗ, ಸಾಲದು. ಮೂರು ಬಿಟ್ಟರೆ ಎಂಟು ಭಾಗ. ಎರಡು ಮುಂದಕ್ಕೆ ಉಳಿಯುತ್ತವೆ. ಹಾಗಾಗಿ ಈಗ /27, ಮಾಸ್ಕ್ 255.255.255.224. ಯಂತ್ರಗಳ ಪಾಲಿಗೆ ಉಳಿದದ್ದು 5 ಬಿಟ್, ಅಂದರೆ ಪ್ರತಿ ಸಬ್‌ನೆಟ್ಟಿನಲ್ಲಿ 32 ವಿಳಾಸ.

ಇನ್ನು 100 ಅನ್ನು ಬಿಟ್‌ಗಳಲ್ಲಿ ಬರೆದು, ಮೂರನೆಯ ಬಿಟ್ಟಿನ ನಂತರ ಗೆರೆ ಎಳೆಯಿರಿ:

```
100 = 011 | 00100
 96 = 011 | 00000
127 = 011 | 11111
```

ಗೆರೆಯ ಎಡಕ್ಕಿರುವುದನ್ನು ಮುಟ್ಟಬಾರದು. ಬಲಕ್ಕಿರುವುದೆಲ್ಲ ಸೊನ್ನೆಯಾದರೆ ಅದು ಸಬ್‌ನೆಟ್ಟಿನದೇ ವಿಳಾಸ, 192.168.10.96. ಎಲ್ಲವೂ ಒಂದಾದರೆ ಬ್ರಾಡ್‌ಕಾಸ್ಟ್, 192.168.10.127, ಅಲ್ಲಿಗೆ ಕಳಿಸಿದ್ದು ಆ ಸಬ್‌ನೆಟ್ಟಿನ ಎಲ್ಲ ಯಂತ್ರಗಳಿಗೂ ಸಲ್ಲುತ್ತದೆ. ಈ ಎರಡನ್ನೂ ಯಾವ ಯಂತ್ರಕ್ಕೂ ಕೊಡುವಂತಿಲ್ಲ. ಆದ್ದರಿಂದ ಸಿಗುವ ಹೋಸ್ಟ್‌ಗಳು 32 ಅಲ್ಲ, 30: 97ರಿಂದ 126ರವರೆಗೆ. ರೂಟರಿಗೂ ಇದರಲ್ಲೇ ಒಂದು ಹೋಗುತ್ತದೆ ಎಂಬುದನ್ನು ನಿಜವಾದ ಕಚೇರಿಗೆ ಲೆಕ್ಕ ಹಾಕುವವರು ಮರೆಯಬಾರದು.

ಗೆರೆ ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. 172.16.13.200/22 ತೆಗೆದುಕೊಳ್ಳಿ. ಇಲ್ಲಿ ಗೆರೆ ಮೂರನೆಯ ಸಂಖ್ಯೆಯ ನಡುವೆಯೇ ಬೀಳುತ್ತದೆ. ಸಬ್‌ನೆಟ್ಟುಗಳು ಆ ಸ್ಥಾನದಲ್ಲಿ ನಾಲ್ಕು ನಾಲ್ಕರಂತೆ ಏರುತ್ತವೆ: 0, 4, 8, 12. ನಮ್ಮದು 12ರಿಂದ 15ರವರೆಗಿನದು, ಬ್ರಾಡ್‌ಕಾಸ್ಟ್ 172.16.15.255, ಹೋಸ್ಟ್‌ಗಳು 1022. ಆಗ 172.16.13.255? ಅದು ನಡುವೆ ಬರುವ ಒಂದು ಸಾಮಾನ್ಯ ಹೋಸ್ಟ್ ವಿಳಾಸ. ಯಂತ್ರಕ್ಕೆ ಧಾರಾಳವಾಗಿ ಕೊಡಬಹುದು. ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಮಾಸ್ಕ್ ತಪ್ಪಿದರೆ ಕಚೇರಿಯಲ್ಲಿ ಏನಾಗುತ್ತದೆ? ಮೊದಲ ಉದಾಹರಣೆಯ 100ನೇ ಯಂತ್ರಕ್ಕೆ ಯಾರೋ 255.255.255.0 ಎಂದು ತುಂಬಿದರು ಎನ್ನೋಣ. ಪಕ್ಕದ ವಿಭಾಗದಲ್ಲಿರುವ 192.168.10.130 ತನ್ನದೇ ಸಬ್‌ನೆಟ್ಟಿನಲ್ಲಿದೆ ಎಂದು ಅದು ನಂಬುತ್ತದೆ. ರೂಟರಿಗೆ ಕಳಿಸದೆ ನೇರವಾಗಿ ಹುಡುಕುತ್ತದೆ. ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ಇಂಟರ್ನೆಟ್ ಮಾತ್ರ ಸರಿಯಾಗಿಯೇ ನಡೆಯುತ್ತದೆ, ಏಕೆಂದರೆ ಹೊರಗಿನ ವಿಳಾಸಗಳನ್ನು ಅದು ರೂಟರಿಗೇ ಒಪ್ಪಿಸುತ್ತದೆ. ಹೊರಜಗತ್ತೆಲ್ಲ ಸಿಕ್ಕಿ ಪಕ್ಕದ ವಿಭಾಗದ ಪ್ರಿಂಟರ್ ಮಾತ್ರ ಸಿಗದಿದ್ದರೆ, ಕೇಬಲ್ ಕೀಳುವ ಮೊದಲು ಮಾಸ್ಕ್ ನೋಡಿ.