ಇರುವೆಯ ಎಚ್ಚರಿಕೆ ವಾಸನೆಗೆ ಹಿಂದಿನಿಂದ ದಾರಿ

ಟೆಕ್ಸಾಸ್‌ನ ಎಲೆ ಕತ್ತರಿಸುವ ಇರುವೆಗಳು ಅಪಾಯ ಕಂಡೊಡನೆ ದವಡೆಯ ಗ್ರಂಥಿಯಿಂದ ಒಂದು ವಾಸನೆ ಬಿಟ್ಟು ಗೂಡನ್ನೆಲ್ಲ ಎಬ್ಬಿಸುತ್ತವೆ. ಅದರ ಮುಖ್ಯ ಅಣು 4-ಮಿಥೈಲ್-3-ಹೆಪ್ಟನೋನ್ ಎಂಬುದು 1968ರಲ್ಲಿ ಗೊತ್ತಾಯಿತು. ಎಂಟು ಇಂಗಾಲಗಳ ಪುಟ್ಟ ಕೀಟೋನ್ ಅದು:

CH3CH2–CO–CH(CH3)CH2CH2CH3

ಇದನ್ನು ಪ್ರಯೋಗಾಲಯದಲ್ಲಿ ತಯಾರಿಸುವುದು ಹೇಗೆ? ಕಪಾಟಿನ ಬಾಟಲಿಗಳನ್ನು ನೋಡುತ್ತ ಕೂತರೆ ಹೊಳೆಯುವುದಿಲ್ಲ. ಬೇಕಾದ ಅಣುವನ್ನೇ ಎದುರಿಗಿಟ್ಟುಕೊಂಡು, ಇದರ ಹಿಂದಿನ ಹಂತ ಯಾವುದಿರಬಹುದು ಎಂದು ಕೇಳುತ್ತ ಹೋಗಬೇಕು. ಈ ಯೋಚನಾಕ್ರಮಕ್ಕೆ ಶಾಸ್ತ್ರದ ರೂಪ ಕೊಟ್ಟ ಇ. ಜೆ. ಕೋರಿ ಅವರಿಗೆ 1990ರಲ್ಲಿ ನೊಬೆಲ್ ಬಂತು.

ಇಂಗಾಲಕ್ಕೆ ಇಂಗಾಲ ಬೆಸೆಯಲು ಇಲ್ಲಿ ಗ್ರಿನ್ಯಾರ್ ಕಾರಕ ಸಾಕು. ಬ್ರೋಮೈಡ್ ಒಂದನ್ನು ಒಣ ಈಥರ್‌ನಲ್ಲಿ ಮೆಗ್ನೀಸಿಯಂ ಜೊತೆ ಸೇರಿಸಿದರೆ ಅದು ಸಿದ್ಧವಾಗುತ್ತದೆ. ಅದರ ಇಂಗಾಲದಲ್ಲಿ ಎಲೆಕ್ಟ್ರಾನ್ ಸಮೃದ್ಧಿ. ಆಮ್ಲಜನಕಕ್ಕೆ ಜೋಡಿಬಂಧದಲ್ಲಿ ಸೇರಿದ ಕಾರ್ಬೊನಿಲ್ ಇಂಗಾಲದಲ್ಲಿ ಎಲೆಕ್ಟ್ರಾನ್ ಕೊರತೆ. ಎರಡೂ ಕೂಡಿಕೊಳ್ಳುತ್ತವೆ. ಹಾಗಾದರೆ ಎಸ್ಟರ್‌ಗೆ ಗ್ರಿನ್ಯಾರ್ ಹಾಕಿ ನೇರವಾಗಿ ಕೀಟೋನ್ ಪಡೆಯಬಹುದಲ್ಲ? ಆಗುವುದಿಲ್ಲ. ಹುಟ್ಟಿದ ಕೀಟೋನ್ ಎಸ್ಟರ್‌ಗಿಂತ ಚುರುಕು. ಅದರ ಮೇಲೂ ಕಾರಕ ಎರಗಿ ತೃತೀಯಕ ಆಲ್ಕೊಹಾಲ್ ಆಗಿಬಿಡುತ್ತದೆ.

ಆದ್ದರಿಂದ ಮೊದಲು ಒಂದು ಹೆಜ್ಜೆ ಹಿಂದೆ ಸರಿಯೋಣ: ಕೀಟೋನ್ ಬಂದದ್ದು 4-ಮಿಥೈಲ್-3-ಹೆಪ್ಟನಾಲ್ ಎಂಬ ಆಲ್ಕೊಹಾಲ್‌ನ ಉತ್ಕರ್ಷಣದಿಂದ. ಈಗ ಈ ಆಲ್ಕೊಹಾಲನ್ನು OH ಹೊತ್ತ ಇಂಗಾಲದ ಪಕ್ಕದಲ್ಲಿ ಮನಸ್ಸಿನಲ್ಲೇ ಕತ್ತರಿಸಬೇಕು. ಬಲಕ್ಕೆ ಕತ್ತರಿಸಿದರೆ ಪ್ರೊಪನಾಲ್ ಎಂಬ ಮೂರು ಇಂಗಾಲದ ಆಲ್ಡಿಹೈಡ್ ಮತ್ತು 2-ಬ್ರೋಮೊಪೆಂಟೇನ್‌ನ ಗ್ರಿನ್ಯಾರ್. ಎಡಕ್ಕೆ ಕತ್ತರಿಸಿದರೆ 2-ಮಿಥೈಲ್‌ಪೆಂಟನಾಲ್ ಮತ್ತು ಈಥೈಲ್ ಗ್ರಿನ್ಯಾರ್. ಪಾಠದ ಪ್ರಯೋಗಾಲಯಕ್ಕೆ ನಾನು ಮೊದಲನೆಯದನ್ನೇ ಆರಿಸುವೆ, ತುಂಡುಗಳು ಸರಳ.

ಇನ್ನು ಮುಂದಕ್ಕೆ ನಡೆಯಬಹುದು. 2.4 ಗ್ರಾಂ ಮೆಗ್ನೀಸಿಯಂಗೆ 15.1 ಗ್ರಾಂ ಬ್ರೋಮೈಡ್, 5.8 ಗ್ರಾಂ ಪ್ರೊಪನಾಲ್. ಇಷ್ಟೂ ಕಾರಕವನ್ನು ಹಾಳುಗೆಡವಲು 1.8 ಗ್ರಾಂ ನೀರು ಸಾಕು, ಹಾಗಾಗಿ ಗಾಜಿನ ಪಾತ್ರೆಗಳನ್ನು ಕಾಯಿಸಿ ಒಣಗಿಸುತ್ತಾರೆ. ಲೋಹ ಸುಮ್ಮನಿದ್ದರೆ ಒಂದು ಹರಳು ಅಯೋಡಿನ್ ಹಾಕುವುದುಂಟು. ಕಂದು ಬಣ್ಣ ಮಾಯವಾಗಿ, ದ್ರವ ಮಸುಕಾಗಿ, ಈಥರ್ ತಾನಾಗಿಯೇ ಕುದಿಯತೊಡಗಿದರೆ ಕ್ರಿಯೆ ಶುರುವಾಯಿತೆಂದೇ ಅರ್ಥ. ಬ್ರೋಮೈಡನ್ನು ಹನಿಹನಿಯಾಗಿ ಬಿಡದೆ ಸುರಿದರೆ ಎರಡು ಪೆಂಟೈಲ್ ತುಂಡುಗಳು ತಮ್ಮತಮ್ಮಲ್ಲೇ ಕೂಡಿ 4,5-ಡೈಮಿಥೈಲ್‌ಆಕ್ಟೇನ್ ಎಂಬ ಬೇಡದ ಸರಕು ಹೆಚ್ಚುತ್ತದೆ. ಕೊನೆಯ ಉತ್ಕರ್ಷಣಕ್ಕೆ ಅಸಿಟಿಕ್ ಆಮ್ಲ ಬೆರೆಸಿದ ಸೋಡಿಯಂ ಹೈಪೊಕ್ಲೋರೈಟ್, ಅಂದರೆ ಬಟ್ಟೆಯ ಬ್ಲೀಚ್. ಅವಗೆಂಪು ರೋಹಿತದಲ್ಲಿ 3400ರ ಸುತ್ತಲಿನ ಅಗಲ ಪಟ್ಟಿ ಹೋಗಿ 1715ರ ಬಳಿ ಚೂಪಾದ ಪಟ್ಟಿ ಬಂದರೆ ಕೀಟೋನ್ ಕೈಗೆ ಸಿಕ್ಕಿದೆ.

ಒಂದು ತೊಡಕು ಉಳಿಯುತ್ತದೆ. ನಾಲ್ಕನೇ ಇಂಗಾಲಕ್ಕೆ ಎಡಗೈ-ಬಲಗೈ ಎಂಬಂತೆ ಎರಡು ರೂಪಗಳು. ಇರುವೆಗಳು ಅವುಗಳಲ್ಲಿ S ರೂಪಕ್ಕೇ ಬಹಳ ಹೆಚ್ಚು ಸ್ಪಂದಿಸುತ್ತವೆ. ನಮ್ಮ ದಾರಿಯಲ್ಲಿ ಎರಡೂ ಸಮನಾಗಿ ಬರುತ್ತವೆ, ಏಕೆಂದರೆ ಗ್ರಿನ್ಯಾರ್ ತಯಾರಾಗುವಾಗಲೇ ಆ ಇಂಗಾಲದ ರೂಪ ಕಲೆಸಿಹೋಗುತ್ತದೆ. S ಮಾತ್ರ ಬೇಕಿದ್ದರೆ ನಾವು ಕೈಬಿಟ್ಟ ಎಡಗಡೆಯ ಕತ್ತರಿಕೆಯೇ ವಾಸಿ: ಅಲ್ಲಿ ಆ ಇಂಗಾಲ ಆಲ್ಡಿಹೈಡ್‌ನೊಳಗೆ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಅದು ಕಾರ್ಬೊನಿಲ್‌ನ ಪಕ್ಕದಲ್ಲೇ ಇರುವುದರಿಂದ ಆಮ್ಲ ಅಥವಾ ಕ್ಷಾರ ತಾಗಿದರೆ ಅಲ್ಲಿಯೂ ರೂಪ ಕೆಡುವ ಭಯವಿದೆ.