ಹಾಡು ಬರುತ್ತಿದೆ, ಗುಂಡಿಗಳೇ ಇಲ್ಲ!

ಹಾಡು ಕೇಳಿಸುತ್ತಿದೆ. ಆದರೆ ಲಾಕ್ ಸ್ಕ್ರೀನ್ ಮೇಲೆ ಅದರ ಹೆಸರೂ ಇಲ್ಲ, ನಿಲ್ಲಿಸುವ ಗುಂಡಿಯೂ ಇಲ್ಲ. ಬೆರಳಿನಿಂದ ಮೇಲಿನ ಪಟ್ಟಿ ಕೆಳಗೆಳೆದರೆ ನೋಟಿಫಿಕೇಶನ್‌ಗಳ ನಡುವೆಯೂ ಪ್ಲೇಯರ್ ನಾಪತ್ತೆ. ಹೋಂ ಸ್ಕ್ರೀನಿಗಾದರೂ ಒಂದು ವಿಜೆಟ್ ಹಾಕೋಣವೆಂದರೆ ಪಟ್ಟಿಯಲ್ಲಿ ಆ ಆ್ಯಪ್‌ನ ಹೆಸರೇ ಇಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಆ್ಯಪ್ ತೆಗೆದು ಮತ್ತೆ ಹಾಕುವ ಕೆಲಸ. ಎಷ್ಟೋ ಸಲ ಅದರಿಂದ ಪ್ಲೇಲಿಸ್ಟ್ ಅಳಿಸಿಹೋಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲಿನ ಎರಡು ತೊಂದರೆಗಳ ಬೇರು ಸಾಮಾನ್ಯವಾಗಿ ಒಂದೇ. ಲಾಕ್ ಸ್ಕ್ರೀನಿನ ಪ್ಲೇಯರನ್ನು ಆ್ಯಪ್ ತಾನೇ ಬಿಡಿಸುವುದಿಲ್ಲ. ‘ಈಗ ಈ ಹಾಡು ನಡೆಯುತ್ತಿದೆ, ನಿಲ್ಲಿಸಲು, ಮುಂದೆ ಹೋಗಲು ನನಗೆ ಹೇಳಿ’ ಎಂದು ಅದು ಫೋನಿಗೆ ತಿಳಿಸುತ್ತದೆ. ಗುಂಡಿಗಳನ್ನು ತೋರಿಸುವುದು ಫೋನು. ಈ ಏರ್ಪಾಡಿಗೆ ಮೀಡಿಯಾ ಸೆಷನ್ ಎನ್ನುತ್ತಾರೆ. 2014ರ ಆಂಡ್ರಾಯ್ಡ್ 5ರಿಂದ ಇದು ಇದೆ. ಆ್ಯಪ್ ಈ ಸೆಷನ್ನನ್ನು ತನ್ನ ನೋಟಿಫಿಕೇಶನ್‌ಗೆ ಜೋಡಿಸದಿದ್ದರೆ ಎರಡೂ ಕಡೆ ಪ್ಲೇಯರ್ ಕಾಣುವುದಿಲ್ಲ.

ತಪ್ಪು ಯಾರದೆಂದು ತಿಳಿಯಲು ಮೊದಲು ಇನ್ನೊಂದು ಆ್ಯಪ್‌ನಲ್ಲಿ ಹಾಡು ಹಾಕಿ. ಅದರ ಪ್ಲೇಯರೂ ಬರದಿದ್ದರೆ ಫೋನಿನ ಸೆಟ್ಟಿಂಗ್ಸ್ ನೋಡಬೇಕು. ಲಾಕ್ ಸ್ಕ್ರೀನಿನಲ್ಲಿ ಮೀಡಿಯಾ ತೋರಿಸುವುದನ್ನು ಆಫ್ ಮಾಡುವ ಆಯ್ಕೆ ಹಲವು ಫೋನುಗಳಲ್ಲಿದೆ. ಬಂದರೆ ಆ ಆ್ಯಪ್ ಪೂರ್ತಿ ಮುಚ್ಚಿ, ತಕರಾರಿನ ಆ್ಯಪ್‌ನಲ್ಲಿ ಹಾಡು ಹಾಕಿ ಬ್ಲೂಟೂತ್ ಹೆಡ್‌ಸೆಟ್ಟಿನ ಗುಂಡಿ ಒತ್ತಿ. ಹಾಡು ನಿಂತರೆ ಸೆಷನ್ ಇದೆ, ನೋಟಿಫಿಕೇಶನ್ ಕಡೆ ಏನೋ ಕೆಟ್ಟಿದೆ. ನಿಲ್ಲದಿದ್ದರೆ ಬಹುಮಟ್ಟಿಗೆ ಆ್ಯಪ್ ಸೆಷನ್ನನ್ನೇ ತೆರೆದಿಲ್ಲ.

2022ರ ಆಂಡ್ರಾಯ್ಡ್ 13ರಲ್ಲಿ ಇನ್ನೊಂದು ತೊಡಕು ಸೇರಿತು. ಹೊಸದಾಗಿ ಹಾಕಿದ ಆ್ಯಪ್ ಈಗ ನೋಟಿಫಿಕೇಶನ್‌ಗೆ ಅನುಮತಿ ಕೇಳುತ್ತದೆ. ಜಾಹೀರಾತಿನ ಕಾಟ ಬೇಡವೆಂದು ನಾವು ‘ಬೇಡ’ ಒತ್ತುತ್ತೇವೆ. ಮೀಡಿಯಾ ಸೆಷನ್ ಜೋಡಿಸಿದ ನೋಟಿಫಿಕೇಶನ್‌ಗೆ ಈ ನಿಯಮದಿಂದ ವಿನಾಯಿತಿ ಇರುವುದರಿಂದ ಸರಿಯಾಗಿ ಬರೆದ ಆ್ಯಪ್‌ನ ಪ್ಲೇಯರ್ ಆಗಲೂ ಕಾಣುತ್ತದೆ. ಹಳೆಯ ರೀತಿಯಲ್ಲಿ ಬರೀ ನೋಟಿಫಿಕೇಶನ್ನಿಗೆ ಗುಂಡಿ ಅಂಟಿಸಿದ ಆ್ಯಪ್‌ಗೆ ಆ ವಿನಾಯಿತಿ ಸಿಗದು. ಹಾಡು ನಡೆಯುತ್ತಲೇ ಇರುತ್ತದೆ, ಗುಂಡಿಗಳು ಮಾತ್ರ ಮಾಯ. ಆ್ಯಪ್‌ನ ಐಕಾನ್ ಒತ್ತಿ ಹಿಡಿದು ಆ್ಯಪ್ ಮಾಹಿತಿಗೆ ಹೋಗಿ ನೋಟಿಫಿಕೇಶನ್ ಆನ್ ಮಾಡಿದರೆ ಇವು ಮರಳುತ್ತವೆ.

ವಿಜೆಟ್ಟಿನ ದಾರಿಯೇ ಬೇರೆ. ಅದಕ್ಕೂ ಅನುಮತಿಗೂ ಸಂಬಂಧವಿಲ್ಲ. ಆ್ಯಪ್ ಮಾಡಿದವರು ವಿಜೆಟ್ಟನ್ನು ಪ್ರತ್ಯೇಕವಾಗಿ ಬರೆದು ಸೇರಿಸಿದ್ದರಷ್ಟೇ ಅದು ಪಟ್ಟಿಯಲ್ಲಿರುತ್ತದೆ, ಎಷ್ಟೋ ಆ್ಯಪ್‌ಗಳಲ್ಲಿ ಅದು ಇಲ್ಲವೇ ಇಲ್ಲ. ಇದ್ದ ವಿಜೆಟ್ ಕಾಣೆಯಾಗಿದ್ದರೆ, ಆ್ಯಪ್ಪನ್ನು ಮೆಮೊರಿ ಕಾರ್ಡಿಗೆ ಸಾಗಿಸಿದ್ದೀರಾ ನೋಡಿ. ಫೋನಿನ ಒಳಗಿನ ಸ್ಟೋರೇಜಿಗೆ ತಂದರೆ ಬರಬಹುದು.

ಇಷ್ಟಾದರೂ ಹೆಡ್‌ಸೆಟ್ ಗುಂಡಿಗೆ ಹಾಡು ನಿಲ್ಲದಿದ್ದರೆ ಸೆಟ್ಟಿಂಗ್ಸ್ ತಡಕುತ್ತ ಕೂರಬೇಡಿ. ಆಂಡ್ರಾಯ್ಡ್ ಆವೃತ್ತಿ, ಫೋನಿನ ಮಾದರಿ ಮತ್ತು ಈ ಎರಡು ಪರೀಕ್ಷೆಗಳ ಫಲಿತಾಂಶವನ್ನು ಆ್ಯಪ್ ಮಾಡಿದವರಿಗೆ ಬರೆದು ಕಳಿಸಿ, ಅಲ್ಲಿಯವರೆಗೆ ಬೇರೊಂದು ಪ್ಲೇಯರ್ ಬಳಸಿ.